ಶ್ರವಣಯಂತ್ರ ಬಳಸುವ ಸದಸ್ಯರಿಗಾಗಿ ಸಭೆಯಲ್ಲಿ ಕನ್ನಡ ಕ್ಯಾಪ್ಷನ್

ಕುವೆಂಪುನಗರ, ಮೈಸೂರು: ನಮ್ಮ ಬಡಾವಣೆಯ ಸಂಘದ ಖಜಾಂಚಿಯವರು ಎರಡೂ ಕಿವಿಗೆ ಶ್ರವಣಯಂತ್ರ ಹಾಕುತ್ತಾರೆ. ತಿಂಗಳ ಸಭೆಗೆ ಅವರು ಮನೆಯಿಂದಲೇ ಗೂಗಲ್ ಮೀಟ್‌ನಲ್ಲಿ ಸೇರುತ್ತಾರೆ. ನಾವು ಐವರು ಸಂಘದ ಕೊಠಡಿಯಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಕೂರುತ್ತೇವೆ. ಅವರು ಕ್ಯಾಪ್ಷನ್ ಹಾಕಿಕೊಂಡರೆ ಅರ್ಥವಿಲ್ಲದ ಇಂಗ್ಲಿಷ್ ಬರುತ್ತಿದೆ. ಸಭೆಯ ನಂತರ ಓದಲು ಬರಹವೂ ಬೇಕು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸರಸ್ವತಿಪುರಂ, ಮೈಸೂರು: ನಮ್ಮ ಕಚೇರಿಯಲ್ಲಿ ಕ್ಯಾಪ್ಷನ್ ದಿನವೂ ಇರುತ್ತದೆ. ಅನುವಾದದ ಆಯ್ಕೆಯಲ್ಲಿ ಕನ್ನಡವನ್ನು ಆರಿಸಿದರೆ ಎಲ್ಲವೂ ಕನ್ನಡಕ್ಕೆ ಬರುತ್ತದೆ. ಸಭೆ ಕರೆದವರು ಒಮ್ಮೆ ಹಾಕಿದರೆ ಎಲ್ಲರಿಗೂ ಕಾಣುತ್ತದೆ.

ಮಂಡ್ಯ: ಮೇಲಿನವರು ಕ್ಯಾಪ್ಷನ್‌ನ ಭಾಷೆಯನ್ನು ಬದಲಿಸಬೇಕೆಂದು ಹೇಳಿದ್ದು ಸರಿ, ಆದರೆ ಬದಲಿಸಬೇಕಾದದ್ದು ಅನುವಾದದ ಭಾಷೆಯನ್ನಲ್ಲ, ಮಾತಿನ ಭಾಷೆಯನ್ನು. ಸಾಫ್ಟ್‌ವೇರ್ ಇಂಗ್ಲಿಷ್ ಕೇಳುತ್ತಿದ್ದೇನೆಂದು ನಂಬಿ ಕುಳಿತಿರುವಾಗ ನೀವು ‘ನೀರಿನ ಬಿಲ್ಲು’ ಎಂದರೆ ಅದು ‘ನಿಯರ್ ಇನ್ ಎ ಬಿಲ್’ ಎಂಬಂಥದ್ದೇನನ್ನೋ ಬರೆದುಬಿಡುತ್ತದೆ; ಅದನ್ನು ಅನುವಾದಿಸಿದರೂ ಬರುವುದು ಕನ್ನಡದ ಗೊಂದಲವೇ. ಖಜಾಂಚಿಯವರ ಕಂಪ್ಯೂಟರಿನಲ್ಲಿಯೇ Settings ತೆರೆದು, Captions ಎಂಬಲ್ಲಿ ಸಭೆಯ ಭಾಷೆಯಾಗಿ ಕನ್ನಡವನ್ನು ಆರಿಸಿ. ಮೀಟ್‌ನಲ್ಲಿ ಕ್ಯಾಪ್ಷನ್ ಹಾಕಿಕೊಂಡವರ ಪರದೆಯಲ್ಲಿ ಮಾತ್ರ ಕಾಣುತ್ತದೆ, ಆದ್ದರಿಂದ ಬೇರೆ ಯಾರೋ ಹಾಕಿದರೆ ಖಜಾಂಚಿಯವರಿಗೆ ಉಪಯೋಗವಿಲ್ಲ. ಝೂಮ್‌ನಲ್ಲಿ ಮಾತ್ರ ಸಭೆ ಕರೆದವರ ಖಾತೆಯಲ್ಲಿ ಅದಕ್ಕೆ ಮೊದಲೇ ಅನುಮತಿ ಇರಬೇಕು; ಬಹುಶಃ ಆ ನೆನಪೇ ಇಲ್ಲಿ ಬೆರೆತಿದೆ.

ಭಾಷೆ ಸರಿಯಾದ ಮೇಲೂ ತೊಂದರೆ ಉಳಿದರೆ ಅದರ ಕಾರಣ ಬೇರೆ. ಅಕ್ಷರಗಳು ಕನ್ನಡದ್ದೇ ಆಗಿದ್ದು ನಡುನಡುವೆ ಪದಗಳು ಬಿಟ್ಟುಹೋಗುತ್ತಿದ್ದರೆ ದೋಷ ಮೈಕಿನದು. ನಮ್ಮ ಸಹಕಾರ ಸಂಘದ ಸಭೆಯಲ್ಲಿ ಲ್ಯಾಪ್‌ಟಾಪಿನ ಹತ್ತಿರ ಕುಳಿತ ಕಾರ್ಯದರ್ಶಿಯವರ ಮಾತು ಚೆನ್ನಾಗಿ ಬರುತ್ತಿತ್ತು, ಮೇಜಿನ ತುದಿಯಲ್ಲಿ ಫ್ಯಾನಿನ ಕೆಳಗಿದ್ದವರ ಮಾತು ಅರ್ಧವೂ ಬರುತ್ತಿರಲಿಲ್ಲ. ಅದಕ್ಕಿಂತ ಕಷ್ಟವಾದದ್ದೆಂದರೆ, ಕೊಠಡಿಯಲ್ಲಿ ಯಾರು ಮಾತನಾಡಿದರೂ ಲ್ಯಾಪ್‌ಟಾಪಿನ ಖಾತೆಯ ಒಂದೇ ಹೆಸರು ಕಾಣುತ್ತಿತ್ತು; ವಿರೋಧಿಸಿದವರು ಯಾರು, ಒಪ್ಪಿದವರು ಯಾರು ಎಂಬುದು ಓದುವವರಿಗೆ ತಿಳಿಯಲಿಲ್ಲ. ಎಲ್ಲರೂ ಫೋನಿನಿಂದ ಸೇರಿದೆವು, ಕೊಠಡಿಯೆಲ್ಲ ಪ್ರತಿಧ್ವನಿಯಾಯಿತು. ಕೊನೆಗೆ ಒಂದೇ ಮೈಕು, ಒಂದೇ ಸ್ಪೀಕರ್ ಇಟ್ಟುಕೊಂಡು, ಮಾತನಾಡುವವರು ಲ್ಯಾಪ್‌ಟಾಪಿನ ಮುಂದಿನ ಕುರ್ಚಿಗೆ ಬಂದು, ಮೊದಲು ತಮ್ಮ ಹೆಸರು ಹೇಳುವ ಪದ್ಧತಿ ಮಾಡಿದೆವು. ಮೊದಲ ಸಲ ಎಲ್ಲರೂ ಗೊಣಗಿದರು, ಆದರೆ ಒಬ್ಬರ ಮೇಲೊಬ್ಬರು ಮಾತನಾಡುವುದೂ ಅದರಿಂದಲೇ ನಿಂತಿತು.

ಶ್ರೀರಂಗಪಟ್ಟಣ: ನನ್ನ ತಂದೆಯವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಯಂತ್ರ ಹಾಕಿಸಿದೆವು. ಬ್ಲೂಟೂತ್ ಇರುವ ಯಂತ್ರವಾದರೆ ಸಭೆಯ ಧ್ವನಿ ನೇರವಾಗಿ ಕಿವಿಗೇ ಬರುತ್ತದೆಯಲ್ಲ, ಮತ್ತೆ ಕ್ಯಾಪ್ಷನ್ ಏಕೆ?

ಮಂಡ್ಯದ ಇನ್ನೊಬ್ಬರು: ನಾನೇ ಹನ್ನೆರಡು ವರ್ಷಗಳಿಂದ ಯಂತ್ರ ಹಾಕುತ್ತಿದ್ದೇನೆ, ಆದ್ದರಿಂದ ಹೇಳುತ್ತೇನೆ. ಧ್ವನಿ ಜೋರಾಗಿ ಬರುವುದು ಒಂದು, ಪದ ತಿಳಿಯುವುದು ಇನ್ನೊಂದು. ನನಗೆ ‘ಸ’, ‘ಶ’, ‘ಫ’ ಒಂದೇ ಥರ ಕೇಳುತ್ತವೆ. ಆಗ ಕಣ್ಣು ಕ್ಯಾಪ್ಷನ್‌ಗೆ ಹೋಗುತ್ತದೆ. ಆದರೆ ಅದು ಮಾತಿಗಿಂತ ತುಸು ತಡವಾಗಿ ಬರುವುದರಿಂದ ನಾನು ಓದಿ ಮುಗಿಸಿ ಉತ್ತರ ಹೇಳುವ ಹೊತ್ತಿಗೆ ಸಭೆ ಮುಂದಿನ ವಿಷಯಕ್ಕೆ ಹೋಗಿರುತ್ತದೆ. ಪ್ರತಿ ನಿರ್ಣಯಕ್ಕೂ ಮುನ್ನ ಅಧ್ಯಕ್ಷರು ಒಂದು ಕ್ಷಣ ಕಾದು ನನ್ನನ್ನು ಕೇಳಬೇಕೆಂದು ನಾನು ಬೇಡಿಕೆ ಇಟ್ಟಿದ್ದೇನೆ. ಮಾತನಾಡುವವರು ಕ್ಯಾಮೆರಾ ಆಫ್ ಮಾಡದಿದ್ದರೆ ತುಟಿಯನ್ನಾದರೂ ನೋಡಬಹುದು. ಹಣದ ಮೊತ್ತವನ್ನು ಮಾತ್ರ ಕ್ಯಾಪ್ಷನ್‌ಗೆ ಬಿಡಬೇಡಿ. ನಮ್ಮಲ್ಲಿ ಒಮ್ಮೆ 15 ಸಾವಿರದ ದುರಸ್ತಿ 50 ಸಾವಿರವೆಂದು ಬಂದು, ನಾನು ಕಾರಣವಿಲ್ಲದೆ ಜಗಳಕ್ಕಿಳಿದೆ.

ಕುವೆಂಪುನಗರ, ಮೈಸೂರು: ಭಾಷೆ ಬದಲಿಸಿ, ಕುರ್ಚಿಯ ಪದ್ಧತಿಯನ್ನೂ ಅನುಸರಿಸಿ ನಿನ್ನೆ ಸಭೆ ನಡೆಸಿದೆವು. ಬಹುಪಾಲು ಮಾತು ಓದುವಂತೆ ಬಂದಿತು. ‘ಬಡ್ಡಿ’, ‘ಬಾಕಿ’ ಸರಿಯಾಗಿಯೇ ಇದ್ದವು, ಗುತ್ತಿಗೆದಾರರ ಹೆಸರು ಮಾತ್ರ ಪ್ರತಿ ಸಲ ಹೊಸ ರೂಪದಲ್ಲಿ ಬಂದಿತು. ಮೊತ್ತಗಳನ್ನು ಕಾರ್ಯದರ್ಶಿಯವರು ಚಾಟ್‌ನಲ್ಲಿ ಬರೆದರು. ಆದರೆ ಸಭೆಯ ಪೂರ್ಣ ಬರಹ ಹೇಗೆ ಸಿಗುತ್ತದೆ?

ಮಂಡ್ಯ: ಮೀಟ್‌ನ ಪೂರ್ಣ ಬರಹದ ಸೌಲಭ್ಯ ಹಣ ಕೊಡುವ ಕೆಲವು ಯೋಜನೆಗಳಲ್ಲಿ ಮಾತ್ರ ಇದೆ. ಅದು ಬರೆಯಬಲ್ಲ ಭಾಷೆಗಳು ಕ್ಯಾಪ್ಷನ್‌ನ ಭಾಷೆಗಳಿಗಿಂತ ಬಹಳ ಕಡಿಮೆಯಾದ್ದರಿಂದ, ಕ್ಯಾಪ್ಷನ್ ಕನ್ನಡದಲ್ಲಿ ಬಂತೆಂದು ಬರಹವೂ ಬರುತ್ತದೆಂದು ಎಣಿಸಿ ಹಣ ಕಟ್ಟಬೇಡಿ. ಚಾಟ್ ಕೂಡ ಸಭೆಯಿಂದ ಹೊರಬಂದ ಮೇಲೆ ಸಿಗದಿರಬಹುದು, ಮುಗಿಯುವ ಮೊದಲೇ ನಕಲು ಮಾಡಿಕೊಳ್ಳಿ. ನಾವು ನಿರ್ಣಯಗಳನ್ನು ಚಾಟ್‌ನಲ್ಲೇ ಕನ್ನಡದಲ್ಲಿ ಟೈಪ್ ಮಾಡಿ, ಅದನ್ನೇ ನಡಾವಳಿ ಪುಸ್ತಕಕ್ಕೆ ಇಳಿಸುತ್ತೇವೆ.

ಸರಸ್ವತಿಪುರಂ, ಮೈಸೂರು: ಅನುವಾದದ ವಿಷಯದಲ್ಲಿ ನಾನು ತಪ್ಪಿದೆ. ಆದರೆ ಸಭೆಯನ್ನು ರೆಕಾರ್ಡ್ ಮಾಡಿ ಆಮೇಲೆ ಯಾರಾದರೂ ಕುಳಿತು ಬರೆಯಬಹುದಲ್ಲವೇ?

ಕುವೆಂಪುನಗರ, ಮೈಸೂರು: ಖಜಾಂಚಿಯವರಿಗೆ ಅದೇ ಇಷ್ಟ. ಇಬ್ಬರು ಸದಸ್ಯರು, ಆಡಿದ ಪ್ರತಿ ಮಾತೂ ದಾಖಲೆಯಾಗುವುದಾದರೆ ತಾವು ಮಾತನಾಡುವುದೇ ಇಲ್ಲ ಎನ್ನುತ್ತಿದ್ದಾರೆ. ಮುಂದಿನ ತಿಂಗಳ ಕಾರ್ಯಸೂಚಿಯಲ್ಲಿ ಇದನ್ನೇ ಮೊದಲ ವಿಷಯವಾಗಿ ಹಾಕಿದ್ದೇವೆ.