ದಪ್ಪ ತಂತಿಯ ಒಳಗಿನ ಕಾಂತಕ್ಷೇತ್ರ: ಹೊರ ಪದರದ ಪ್ರವಾಹ ಎಲ್ಲಿ ಹೋಯಿತು?

ಸೋಮವಾರಪೇಟೆಯ ಪಿಯು ವಿದ್ಯಾರ್ಥಿನಿ:
ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ದಪ್ಪ ತಂತಿಯ ಹೊರಗಿನ ಕಾಂತಕ್ಷೇತ್ರದ ಲೆಕ್ಕ ನನಗೆ ಬರುತ್ತದೆ. ಒಳಗಿನ ಬಿಂದುವಿಗೆ ಬಂದಾಗ ಮಾತ್ರ, ಆ ಬಿಂದುವಿನವರೆಗೆ ಎಳೆದ ವೃತ್ತದೊಳಗಿನ ಪ್ರವಾಹವನ್ನಷ್ಟೇ ತೆಗೆದುಕೊಳ್ಳಿ ಎನ್ನುತ್ತಾರೆ. ವೃತ್ತದ ಆಚೆಗಿನ ಪದರದಲ್ಲಿಯೂ ಪ್ರವಾಹ ಹರಿಯುತ್ತಿದೆಯಲ್ಲ, ಅದನ್ನು ಬಿಟ್ಟುಬಿಡುವುದು ಹೇಗೆ ಸರಿ? ಇದನ್ನು ಕಲಿತವರು, ಕಲಿಸಿದವರು ನಿಮಗೆ ಹೇಗೆ ಅರ್ಥವಾಯಿತೆಂದು ದಯವಿಟ್ಟು ತಿಳಿಸಿ.

ವಿರಾಜಪೇಟೆಯ ಡಿಪ್ಲೊಮಾ ವಿದ್ಯಾರ್ಥಿ:
ಇದು ಕಷ್ಟದ ವಿಷಯವಲ್ಲ ತಂಗಿ. ಆಂಪಿಯರನ ನಿಯಮದಲ್ಲಿ ಲೂಪಿನ ಒಳಗೆ ಹಾದುಹೋಗುವ ಪ್ರವಾಹಕ್ಕೆ ಮಾತ್ರ ಬೆಲೆ. ಹೊರಗಿನ ಪ್ರವಾಹ ಲೂಪಿನ ಒಳಗೆ ಹಾದುಹೋಗುವುದಿಲ್ಲ, ಆದ್ದರಿಂದ ಅದು ಲೂಪಿನ ಮೇಲೆ ಕಾಂತಕ್ಷೇತ್ರವನ್ನೇ ಉಂಟುಮಾಡುವುದಿಲ್ಲ. ನಾನು ಹೀಗೆಯೇ ನೆನಪಿಟ್ಟುಕೊಂಡಿದ್ದೇನೆ, ಲೆಕ್ಕ ಯಾವತ್ತೂ ತಪ್ಪಿಲ್ಲ.

ಮಡಿಕೇರಿಯ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ:
ಮೇಲಿನ ಉತ್ತರದ ಮೊದಲ ಅರ್ಧ ಸರಿ. ಎರಡನೆಯ ಅರ್ಧವನ್ನು ಒಪ್ಪಲಾಗದು. ಹೊರ ಪದರದಲ್ಲಿ ಹರಿಯುವ ಪ್ರತಿಯೊಂದು ಎಳೆ ಪ್ರವಾಹವೂ ಒಳಗಿನ ಬಿಂದುವಿನಲ್ಲಿ ಕಾಂತಕ್ಷೇತ್ರವನ್ನು ಉಂಟುಮಾಡಿಯೇ ತೀರುತ್ತದೆ. ಎಲ್ಲ ಎಳೆಗಳ ಕ್ಷೇತ್ರಗಳನ್ನು ಕೂಡಿದಾಗ ಉತ್ತರ ಸೊನ್ನೆ ಬರುತ್ತದೆ, ಅಷ್ಟೇ. ಮಗಳು ಕೇಳಿದ್ದು ಈ ಸೊನ್ನೆ ಎಲ್ಲಿಂದ ಬಂತು ಎಂದು. ಅದಕ್ಕೆ ನಿಯಮದ ವಾಕ್ಯವನ್ನೇ ಮತ್ತೊಮ್ಮೆ ಹೇಳಿದರೆ ಉತ್ತರವಾಗುವುದಿಲ್ಲ.

ಒಂದು ಚಿತ್ರ ಬರೆದುಕೊಳ್ಳಮ್ಮ. ತಂತಿಯ ಅಡ್ಡಕೊಯ್ತವನ್ನು ಈರುಳ್ಳಿಯ ಪದರಗಳಂತೆ ತೆಳು ಉಂಗುರಗಳಾಗಿ ಭಾವಿಸು. ಒಂದು ಹೊರ ಉಂಗುರವನ್ನು ಮಾತ್ರ ಉಳಿಸಿಕೊಂಡು, ಅದರೊಳಗೆ ಎಲ್ಲಿಯಾದರೂ ಒಂದು ಬಿಂದು ಇಡು. ನಡುವೆ ಇಡಬೇಡ, ಬೇಕೆಂದೇ ಒಂದು ಪಕ್ಕಕ್ಕೆ ಇಡು. ಆ ಬಿಂದುವಿನ ಮೂಲಕ ಒಂದಕ್ಕೊಂದು ತುಸುವೇ ಓರೆಯಾಗಿರುವ ಎರಡು ಗೆರೆಗಳನ್ನು ಎಳೆ. ಅವು ಉಂಗುರವನ್ನು ಎರಡು ಕಡೆ ಕತ್ತರಿಸುತ್ತವೆ: ಹತ್ತಿರದಲ್ಲಿ ಒಂದು ಚಿಕ್ಕ ತುಣುಕು, ಎದುರು ದಿಕ್ಕಿನಲ್ಲಿ ದೂರದಲ್ಲಿ ಒಂದು ದೊಡ್ಡ ತುಣುಕು. ದೂರದ ತುಣುಕು ಮೂರು ಪಟ್ಟು ದೂರದಲ್ಲಿದ್ದರೆ ಅದರ ಉದ್ದವೂ ಮೂರು ಪಟ್ಟು, ಏಕೆಂದರೆ ಒಂದೇ ಗೆರೆ ವೃತ್ತವನ್ನು ಎರಡು ತುದಿಗಳಲ್ಲಿಯೂ ಒಂದೇ ಕೋನದಲ್ಲಿ ಕಡಿಯುತ್ತದೆ. ಹಾಗಾಗಿ ಅದರಲ್ಲಿ ಹರಿಯುವ ಪ್ರವಾಹವೂ ಮೂರು ಪಟ್ಟು. ಆದರೆ ನೇರ ಪ್ರವಾಹದ ಕಾಂತಕ್ಷೇತ್ರ ದೂರ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಮೂರು ಪಟ್ಟು ದೂರಕ್ಕೆ ಮೂರನೆಯ ಒಂದು ಭಾಗ. ಎರಡೂ ತುಣುಕುಗಳ ಕ್ಷೇತ್ರ ಸಮನಾಯಿತು. ಬಿಂದುವಿನ ಎದುರುಬದುರು ನಿಂತು ಒಂದೇ ದಿಕ್ಕಿಗೆ ಹರಿಯುವುದರಿಂದ ಅವುಗಳ ಕ್ಷೇತ್ರಗಳು ಪರಸ್ಪರ ವಿರುದ್ಧ. ಜೋಡಿ ಜೋಡಿಯಾಗಿ ಉಂಗುರ ಪೂರ್ತಿ ಹೀಗೆಯೇ ವಜಾ ಆಗುತ್ತದೆ. ಹೊರಗಿನ ಎಲ್ಲ ಉಂಗುರಗಳಿಗೂ ಇದೇ ಕಥೆ.

ಗೋಣಿಕೊಪ್ಪಲಿನ ಕಾಫಿ ಬೆಳೆಗಾರ:
ನಮಸ್ಕಾರ ಸರ್. ಕಾಂತಕ್ಷೇತ್ರದ ಮಾತು ಬಂದಿದ್ದರಿಂದ ಕೇಳುತ್ತಿದ್ದೇನೆ. ಹೂಮಳೆ ಕೈಕೊಟ್ಟಾಗ ಕೆರೆಯಿಂದ ಸ್ಪ್ರಿಂಕ್ಲರ್ ಹಾಕಲು ತ್ರೀ ಫೇಸ್ ಮೋಟಾರ್ ಓಡಿಸುತ್ತೇವೆ. ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ನೋಡಲು ಕ್ಲ್ಯಾಂಪ್ ಮೀಟರ್ ತಂದು ಕೇಬಲ್ಲಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ನೀರು ಮಾತ್ರ ಭರ್ತಿಯಾಗಿ ಬರುತ್ತಿದೆ. ಕೇಬಲ್ ದಪ್ಪವಾಗಿರುವುದರಿಂದ ಒಳಗಿನ ಕ್ಷೇತ್ರ ಹೊರಗೆ ಬರುತ್ತಿಲ್ಲವೇ? ಮೀಟರ್ ಬದಲಾಯಿಸಬೇಕೇ?

ಕುಶಾಲನಗರದ ಎಲೆಕ್ಟ್ರಿಷಿಯನ್:
ಅಣ್ಣ, ಮೀಟರ್ ಸರಿಯಾಗಿದೆ. ನೀವು ಮೂರು ಫೇಸನ್ನೂ ಒಟ್ಟಿಗೆ ದವಡೆಯೊಳಗೆ ಹಾಕಿದ್ದೀರಿ. ಮೂರರ ಪ್ರವಾಹವನ್ನು ಪ್ರತಿ ಕ್ಷಣ ಕೂಡಿದರೆ ಸೊನ್ನೆ, ಅದನ್ನೇ ಮೀಟರ್ ತೋರಿಸಿದೆ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಮೂರು ತಂತಿಗಳು ಬೇರೆ ಬೇರೆಯಾಗಿ ಸಿಗುತ್ತವೆ. ಅಲ್ಲಿ ಒಂದೊಂದೇ ತಂತಿಗೆ ಹಾಕಿ ನೋಡಬೇಕು. ಪೆಟ್ಟಿಗೆ ತೆರೆಯುವ ಕೆಲಸವನ್ನು ಲೈಸೆನ್ಸ್ ಇರುವವರಿಂದ ಮಾಡಿಸಿ. ಇಡೀ ಕೇಬಲ್ಲಿಗೆ ಹಾಕಿದಾಗ ಆಂಪಿಯರ್ ಲೆಕ್ಕದಲ್ಲಿ ಏನಾದರೂ ತೋರಿಸಿದರೆ ಆಗ ಚಿಂತಿಸಿ. ಒಂದಷ್ಟು ಪ್ರವಾಹ ನೆಲದ ಮೂಲಕ ವಾಪಸಾಗುತ್ತಿದೆ ಎಂದು ಅರ್ಥ.

ವಿದ್ಯಾರ್ಥಿನಿಗೆ ಒಂದು ಮಾತು. ನಮ್ಮ ಕೆಲಸದಲ್ಲಿ ಪ್ರವಾಹ ತಂತಿಯ ಮೈಮೇಲೆ ಮಾತ್ರ ಹರಿಯುತ್ತದೆ ಎನ್ನುತ್ತಾರೆ. ಹಾಗಾದರೆ ಒಳಗೆ ಕ್ಷೇತ್ರವೇ ಇರಬಾರದು. ಪುಸ್ತಕದ ಲೆಕ್ಕಕ್ಕೂ ನಿಜವಾದ ತಂತಿಗೂ ಸಂಬಂಧ ಇರುವುದು ನನಗೆ ಅನುಮಾನ.

ಮಡಿಕೇರಿಯ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ:
ಬೆಳೆಗಾರರಿಗೆ ಕೊಟ್ಟ ಉತ್ತರ ಬಹಳ ಚೆನ್ನಾಗಿದೆ. ಕ್ಲ್ಯಾಂಪ್ ಮೀಟರಿನ ದವಡೆ ಎಂದರೆ ಕಬ್ಬಿಣದಲ್ಲಿ ಮಾಡಿದ ಆಂಪಿಯರನ ಲೂಪ್ ಎಂದೇ ತಿಳಿಯಬಹುದು. ತಂತಿ ದವಡೆಯ ನಡುವೆ ಇರಲಿ, ಮೂಲೆಗೆ ಒರಗಿರಲಿ, ತೆಳುವಿರಲಿ, ದಪ್ಪವಿರಲಿ, ಸುತ್ತಿನ ಒಟ್ಟು ಮೊತ್ತ ಒಳಗೆ ಹಾದುಹೋದ ಪ್ರವಾಹವನ್ನೇ ಹೇಳುತ್ತದೆ.

ಮೈಮೇಲೆ ಹರಿಯುವ ಮಾತು ಪರ್ಯಾಯ ಪ್ರವಾಹಕ್ಕೆ ಸಂಬಂಧಿಸಿದ್ದು, ಅದಕ್ಕೂ ಒಂದು ಅಳತೆಯಿದೆ. 50 ಹರ್ಟ್ಸ್‌ನಲ್ಲಿ ತಾಮ್ರದೊಳಗೆ ಪ್ರವಾಹ ಸುಮಾರು 9 ಮಿಲಿಮೀಟರ್ ಆಳದವರೆಗೆ ಇಳಿಯುತ್ತದೆ. ಮನೆಯ, ಪಂಪಿನ ತಂತಿಗಳ ತ್ರಿಜ್ಯ ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಅಡ್ಡಕೊಯ್ತದ ತುಂಬ ಸಮವಾಗಿ ಹರಿಯುತ್ತದೆ ಎಂದು ಇಟ್ಟುಕೊಂಡರೆ ಹೆಚ್ಚಿನ ದೋಷವಿಲ್ಲ. ಇಂಚುಗಟ್ಟಲೆ ದಪ್ಪದ ಸರಳಿಗೆ ಅಥವಾ ರೇಡಿಯೊ ಆವರ್ತನಕ್ಕೆ ನಿಮ್ಮ ಮಾತು ನಿಜವಾಗುತ್ತದೆ. ಪುಸ್ತಕದ ಲೆಕ್ಕದಲ್ಲಿರುವುದು ಏಕಮುಖ, ಸಮನಾಗಿ ಹಂಚಿದ ಪ್ರವಾಹ.

ಈಗ ಅಂಕಿಗಳನ್ನಿಟ್ಟು ನೋಡೋಣ. 4 ಮಿಲಿಮೀಟರ್ ತ್ರಿಜ್ಯದ ಉದ್ದನೆಯ ತಾಮ್ರದ ಸರಳಿನಲ್ಲಿ 40 ಆಂಪಿಯರ್ ಹರಿಯುತ್ತಿದೆ. ಅಕ್ಷವನ್ನು ಕೇಂದ್ರವಾಗಿಟ್ಟು r ತ್ರಿಜ್ಯದ ವೃತ್ತ ಎಳೆದರೆ, ಅದರ ಉದ್ದಕ್ಕೂ ಕ್ಷೇತ್ರದ ಪರಿಮಾಣ ಒಂದೇ, ದಿಕ್ಕು ವೃತ್ತದ ಗುಂಟ. ಹಾಗಾಗಿ ಸುತ್ತಿನ ಮೊತ್ತ B × 2πr. ಇದು μ₀ ಮತ್ತು ಒಳಗಿನ ಪ್ರವಾಹದ ಗುಣಲಬ್ಧಕ್ಕೆ ಸಮ.

ಮೇಲ್ಮೈಯಲ್ಲಿ ಪೂರ್ತಿ 40 ಆಂಪಿಯರ್ ಒಳಗಿದೆ. B = 2 × 10⁻⁷ × 40 / 0.004, ಅಂದರೆ 2 ಮಿಲಿಟೆಸ್ಲಾ. ಈಗ ಒಳಗೆ 2 ಮಿಲಿಮೀಟರಿಗೆ ಬಾ. ತ್ರಿಜ್ಯ ಅರ್ಧವಾದರೆ ಅಡ್ಡಕೊಯ್ತ ಕಾಲು ಭಾಗ, ಒಳಗಿನ ಪ್ರವಾಹ 10 ಆಂಪಿಯರ್. B = 2 × 10⁻⁷ × 10 / 0.002, ಅಂದರೆ 1 ಮಿಲಿಟೆಸ್ಲಾ. ಹೊರಗೆ 8 ಮಿಲಿಮೀಟರಿನಲ್ಲಿಯೂ 1 ಮಿಲಿಟೆಸ್ಲಾ ಬರುತ್ತದೆ, ಹಾಕಿ ನೋಡು. ಒಳಗೆ ಕ್ಷೇತ್ರ r ಜೊತೆ ನೇರವಾಗಿ ಏರುತ್ತದೆ, ಮೇಲ್ಮೈಯಲ್ಲಿ ತುತ್ತತುದಿ ಮುಟ್ಟುತ್ತದೆ, ಅಲ್ಲಿಂದಾಚೆ 1/r ಆಗಿ ಇಳಿಯುತ್ತದೆ. ಸೂತ್ರಗಳು ಹೀಗಿವೆ, R ಎಂದರೆ ಸರಳಿನ ತ್ರಿಜ್ಯ:

```
r < R :  B = μ₀ I r / (2π R²)
r ≥ R :  B = μ₀ I / (2π r)
```

ಉತ್ತರಪತ್ರಿಕೆ ತಿದ್ದುವಾಗ ನಾನು ಪದೇ ಪದೇ ಕಂಡ ತಪ್ಪು ಎರಡು. ಒಳಗಿನ ಬಿಂದುವಿಗೂ ಪೂರ್ತಿ 40 ಆಂಪಿಯರ್ ಹಾಕುವುದು ಒಂದು. ಆಗ ಕೇಂದ್ರಕ್ಕೆ ಹೋದಂತೆ ಉತ್ತರ ಅನಂತಕ್ಕೆ ಏರುತ್ತದೆ. ಪ್ರವಾಹವನ್ನು r² ಬದಲು r ಪ್ರಮಾಣದಲ್ಲಿ ಹಂಚುವುದು ಇನ್ನೊಂದು. ಆಗ ಒಳಗೆಲ್ಲ 2 ಮಿಲಿಟೆಸ್ಲಾ, ಅಕ್ಷದ ಮೇಲೂ 2. ಅಕ್ಷದ ಮೇಲೆ ನಿಂತರೆ ಎಲ್ಲ ಪಕ್ಕಗಳೂ ಒಂದೇ ರೀತಿ ಇವೆ. ಆ 2 ಮಿಲಿಟೆಸ್ಲಾ ಯಾವ ಕಡೆಗೆ ಮುಖ ಮಾಡಬೇಕು? ಯಾವ ಕಡೆಗೂ ಆಗದು, ಅಂದ ಮೇಲೆ ಅದು ಸೊನ್ನೆಯೇ ಇರಬೇಕು. r = 0 ಹಾಕಿ ಸೊನ್ನೆ ಬರುತ್ತದೆಯೇ, r = R ಹಾಕಿದಾಗ ಎರಡು ಸೂತ್ರಗಳೂ ಒಂದೇ ಉತ್ತರ ಕೊಡುತ್ತವೆಯೇ ಎಂದು ನೋಡಿದರೆ ಎರಡು ತಪ್ಪುಗಳೂ ಸಿಕ್ಕಿಬೀಳುತ್ತವೆ.

ವಿರಾಜಪೇಟೆಯ ಡಿಪ್ಲೊಮಾ ವಿದ್ಯಾರ್ಥಿ:
ಉಂಗುರದ ವಾದ ಒಪ್ಪಿದೆ ಸರ್. ಆದರೂ ಕೊನೆಗೆ ನನ್ನ ಮಾತಿನ ಉತ್ತರವೂ ನಿಮ್ಮ ಉತ್ತರವೂ ಒಂದೇ ಆಯಿತಲ್ಲ. ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ?

ಮಡಿಕೇರಿಯ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ:
ಪಕ್ಕದಲ್ಲಿ ಇನ್ನೊಂದು ತಂತಿ ಇಟ್ಟ ಕೂಡಲೇ ಗೊತ್ತಾಗುತ್ತದೆ. ಅದೇ ಸರಳಿನ ಅಕ್ಷದಿಂದ 20 ಮಿಲಿಮೀಟರ್ ದೂರದಲ್ಲಿ, ಅದೇ ದಿಕ್ಕಿನಲ್ಲಿ 40 ಆಂಪಿಯರ್ ಒಯ್ಯುವ ಇನ್ನೊಂದು ತಂತಿ ಇದೆ ಎನ್ನಿ. ನಮ್ಮ 2 ಮಿಲಿಮೀಟರ್ ಲೂಪಿನೊಳಗೆ ಈಗಲೂ 10 ಆಂಪಿಯರೇ. ನಿಮ್ಮ ನಿಯಮದಂತೆ ಕ್ಷೇತ್ರ ಎಲ್ಲೆಡೆ 1 ಮಿಲಿಟೆಸ್ಲಾ ಇರಬೇಕು. ನಿಜದಲ್ಲಿ ಪಕ್ಕದ ತಂತಿಯ ಕಡೆಗಿರುವ ಬಿಂದುವಿನಲ್ಲಿ ಎರಡು ಕ್ಷೇತ್ರಗಳು ಎದುರಾಗಿ ಸುಮಾರು 0.56, ಆಚೆ ಬದಿಯಲ್ಲಿ ಕೂಡಿಕೊಂಡು ಸುಮಾರು 1.36. ಸರಳಿನ ಅಕ್ಷದ ಮೇಲೆ ಸೊನ್ನೆಯ ಬದಲು 0.4. ಲೂಪಿನ ಸುತ್ತಿನ ಮೊತ್ತ ಮಾತ್ರ ಕದಲಿಲ್ಲ.

ನಿಯಮ ಕೊಡುವುದು ಮೊತ್ತವನ್ನು. ಆ ಮೊತ್ತದಿಂದ ಒಂದು ಬಿಂದುವಿನ B ಹೊರತೆಗೆಯಲು ಸಮಮಿತಿ ಬೇಕು. ಸಮಮಿತಿ ಹೋದರೆ ನಿಯಮ ಸುಳ್ಳಾಗುವುದಿಲ್ಲ, ಆದರೆ ಬಿಂದುವಿನ ಕ್ಷೇತ್ರವನ್ನು ಅದೊಂದರಿಂದಲೇ ಪಡೆಯಲಾಗದು. ಆಗ ಎರಡೂ ತಂತಿಗಳ ಕ್ಷೇತ್ರಗಳನ್ನು ಬೇರೆ ಬೇರೆಯಾಗಿ ಕಂಡುಹಿಡಿದು ದಿಕ್ಕು ನೋಡಿ ಕೂಡಬೇಕು, ನಾನು ಈಗ ಮಾಡಿದ್ದು ಅದನ್ನೇ.

ಸೋಮವಾರಪೇಟೆಯ ಪಿಯು ವಿದ್ಯಾರ್ಥಿನಿ:
ಎಲ್ಲರಿಗೂ ಧನ್ಯವಾದ. ಉಂಗುರದ ಚಿತ್ರ ಬರೆದೆ ಸರ್, ನನ್ನ ಅನುಮಾನ ಅಲ್ಲಿಗೆ ತೀರಿತು. ಇನ್ನೊಂದು ಪ್ರಶ್ನೆ ಇದೆ. ಪರೀಕ್ಷೆಯಲ್ಲಿ ‘ಸಮಮಿತಿಯಿಂದಾಗಿ B ವೃತ್ತದ ಮೇಲೆ ಎಲ್ಲೆಡೆ ಸಮ’ ಎಂಬ ಸಾಲನ್ನು ಬರೆಯಲೇಬೇಕೇ? ಸೂತ್ರ ಸಾಕು ಎಂದು ಗೆಳತಿಯರು ಹೇಳುತ್ತಾರೆ.

ಪೊನ್ನಂಪೇಟೆಯ ಪಿಯು ಉಪನ್ಯಾಸಕಿ:
ನಾನು ತಿದ್ದುವಾಗ ಆ ಸಾಲನ್ನು ಹುಡುಕುತ್ತೇನೆ, ಅದಿಲ್ಲದೆ B ಅನ್ನು ಮೊತ್ತದಿಂದ ಹೊರಗೆ ತೆಗೆದರೆ ಗುರುತು ಹಾಕುತ್ತೇನೆ. ಎಲ್ಲರೂ ಹೀಗೆ ಮಾಡುವುದಿಲ್ಲ, ನನ್ನ ಸಹೋದ್ಯೋಗಿಗಳಲ್ಲಿಯೇ ಭಿನ್ನಾಭಿಪ್ರಾಯವಿದೆ. ಬರೆದುಬಿಡು, ಒಂದು ಸಾಲಿನ ಕೆಲಸ.

ಕುಶಾಲನಗರದ ಎಲೆಕ್ಟ್ರಿಷಿಯನ್:
ಸರ್, 9 ಮಿಲಿಮೀಟರಿನ ಮಾತು ಕೇಳಿದ ಮೇಲೆ ನನ್ನ ಅನುಮಾನ ಬೇರೆ ಕಡೆ ಹೊರಳಿದೆ. ಕಂಬಗಳ ಮೇಲಿನ ಲೈನ್ ತಂತಿ ಒಂದೇ ಗಟ್ಟಿ ಸರಳಲ್ಲ. ನಡುವೆ ಉಕ್ಕಿನ ಎಳೆ, ಸುತ್ತ ಅಲ್ಯೂಮಿನಿಯಂ ಎಳೆಗಳು, ಅವೂ ಹುರಿಗೊಂಡಿರುತ್ತವೆ. ಅದರೊಳಗೆ ನಿಮ್ಮ ಸೂತ್ರ ನಡೆಯುತ್ತದೆಯೇ?

ಮಡಿಕೇರಿಯ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ:
ಹೊರಗೆ ತುಸು ದೂರ ಹೋದರೆ ನಡೆಯುತ್ತದೆ, ಅಲ್ಲಿ ಒಟ್ಟು ಪ್ರವಾಹ ಮಾತ್ರ ಮುಖ್ಯ. ಒಳಗೆ ನಡೆಯುವುದಿಲ್ಲ. ಪ್ರವಾಹದ ಬಹುಪಾಲು ಅಲ್ಯೂಮಿನಿಯಂನಲ್ಲಿ ಹರಿಯುತ್ತದೆ, ಆದ್ದರಿಂದ ಸಮಹಂಚಿಕೆ ಮೊದಲೇ ಮುರಿಯಿತು. ಉಕ್ಕು ತಾನೇ ಕಾಂತಗೊಳ್ಳುವುದರಿಂದ ಅಲ್ಲಿ μ₀ ಒಂದೇ ಸಾಲದು. ಇದರ ಜೊತೆಗೆ ಹುರಿ ಸುತ್ತಿದ ಎಳೆಗಳು ಸುರುಳಿಯಂತೆ ವರ್ತಿಸಿ ತಂತಿಯ ಉದ್ದಕ್ಕೂ ಒಂದು ಕ್ಷೇತ್ರವನ್ನು ಸೇರಿಸುತ್ತವೆ. ಪದರಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಹುರಿಗೊಳಿಸುವುದರಿಂದ ಅದು ಬಹುಮಟ್ಟಿಗೆ ಕಳೆಯುತ್ತದೆ, ಆದರೆ ಒಂದೇ ಅಲ್ಯೂಮಿನಿಯಂ ಪದರವಿರುವ ತಂತಿಯಲ್ಲಿ ಕಳೆಯಲು ಜೊತೆಯೇ ಇಲ್ಲ. ನಿಮ್ಮ ಬಳಿ ತುಂಡು ತಂತಿ ಇದ್ದರೆ ಎಷ್ಟು ಪದರ, ಯಾವ ಪದರ ಯಾವ ಕಡೆಗೆ ತಿರುಗಿದೆ, ಎಷ್ಟು ಉದ್ದಕ್ಕೆ ಒಂದು ಸುತ್ತು ಪೂರ್ಣವಾಗುತ್ತದೆ ಎಂದು ಅಳೆದು ಬರೆಯಿರಿ. ಅಷ್ಟು ತಿಳಿದರೆ ಉಕ್ಕಿನೊಳಗಿನ ಉದ್ದಗುಂಟ ಕ್ಷೇತ್ರವನ್ನು ಅಂದಾಜು ಮಾಡಲು ಕುಳಿತುಕೊಳ್ಳಬಹುದು.