ಮಿತಿ 15 ಮಿಲಿಯನ್‌ಗೆ ಏರಿದ ಮೇಲೂ ನಮ್ಮ ಕಂಪನಿಗೆ ಆಡಿಟ್ ಏಕೆ? (ಬ್ರಿಟನ್)

ಲೆಸ್ಟರ್_ದಿನಸಿ
ನಾನು ಮತ್ತು ನನ್ನ ಪತ್ನಿ ಲೆಸ್ಟರಿನಲ್ಲಿ ದಿನಸಿ ಆಮದು ಮಾಡುವ ಲಿಮಿಟೆಡ್ ಕಂಪನಿ ನಡೆಸುತ್ತೇವೆ. ಈ ವರ್ಷದ ವಹಿವಾಟು ಸುಮಾರು 11.6 ಮಿಲಿಯನ್ ಪೌಂಡ್, ಕೆಲಸಗಾರರು 31 ಮಂದಿ. ಆಡಿಟ್ ವಿನಾಯಿತಿಯ ಮಿತಿ 10.2ರಿಂದ 15 ಮಿಲಿಯನ್‌ಗೆ ಏರಿದ್ದರೂ ಈ ಬಾರಿ ಆಡಿಟ್ ಆಗಲೇಬೇಕೆಂದು ನಮ್ಮ ಅಕೌಂಟೆಂಟ್ ಹೇಳುತ್ತಿದ್ದಾರೆ. ಕಾರಣ ಕೇಳಿದರೆ ನಿಯಮ ಹಾಗಿದೆ ಎನ್ನುವುದನ್ನು ಬಿಟ್ಟು ಬೇರೆ ಉತ್ತರವಿಲ್ಲ. ಬೆಂಗಳೂರಿನಲ್ಲಿ ಪ್ಯಾಕಿಂಗ್ ಮಾಡುವ ಸಣ್ಣ ಕಂಪನಿಯೊಂದೂ ನಮಗಿದೆ.

ಸ್ಲೌ_ಲೆಕ್ಕಿಗ
ಕಾರಣ ಬೆಂಗಳೂರಿನ ಕಂಪನಿಯೇ. ಸಮೂಹದಲ್ಲಿರುವ ಕಂಪನಿಗೆ ವಿನಾಯಿತಿ ಸಿಗಬೇಕಾದರೆ ಇಡೀ ಸಮೂಹ ಸಣ್ಣದಾಗಿರಬೇಕು, ಹೊರದೇಶದ ಕಂಪನಿಯೂ ಆ ಲೆಕ್ಕಕ್ಕೆ ಸೇರುತ್ತದೆ.

ಹುಬ್ಬಳ್ಳಿ_ಸಿಎ
ಇದರಲ್ಲಿ ಚರ್ಚೆಗೆ ಏನಿದೆ? ಕಂಪನಿ ಎಷ್ಟೇ ಸಣ್ಣದಿರಲಿ ಆಡಿಟ್ ಕಡ್ಡಾಯ. ವಿನಾಯಿತಿ ಇರುವುದು ಎಲ್‌ಎಲ್‌ಪಿಗೆ ಮಾತ್ರ, ಅದೂ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ರೂಪಾಯಿ ದಾಟದಿದ್ದರೆ.

ಲೆಸ್ಟರ್_ದಿನಸಿ
ಸರ್, ಅದು ಭಾರತದ ಕಾನೂನು. ನಾನು ಕೇಳುತ್ತಿರುವುದು ಇಲ್ಲಿಯದು. ಬೆಂಗಳೂರಿನ ಷೇರುಗಳೆಲ್ಲ ನಮ್ಮಿಬ್ಬರ ಹೆಸರಿನಲ್ಲಿವೆ.

ಸ್ಲೌ_ಲೆಕ್ಕಿಗ
ಹೆಸರು ಯಾರದಾದರೇನು, ಮಾಲೀಕರು ಒಬ್ಬರೇ ಅಲ್ಲವೇ? ಎರಡನ್ನೂ ಕೂಡಿಸಿ ನೋಡಿ.

ಮಲ್ಲಿಗೆ_ರೀಡಿಂಗ್
ಕೂಡಿಸುವಂತಿಲ್ಲ. ಲೆಸ್ಟರಿನ ಕಂಪನಿಯೇ ಬೆಂಗಳೂರಿನ ಕಂಪನಿಯ ಒಡೆತನ ಹೊಂದಿದ್ದರೆ ಅದು ಸಮೂಹವಾಗುತ್ತಿತ್ತು. ವ್ಯಕ್ತಿಗಳು ಎರಡು ಕಂಪನಿಗಳನ್ನು ಬೇರೆ ಬೇರೆಯಾಗಿ ಹೊಂದಿರುವ ಮಾತ್ರಕ್ಕೆ ಈ ಕಾನೂನಿನಲ್ಲಿ ಸಮೂಹವಾಗುವುದಿಲ್ಲ. ಲೆಸ್ಟರ್ ಅವರೇ, ನೀವು ಹೇಳದೆ ಬಿಟ್ಟಿರುವ ಎರಡು ಸಂಗತಿ ಬೇಕು: ನಿಮ್ಮ ಲೆಕ್ಕದ ವರ್ಷ ಯಾವ ದಿನ ಮುಗಿಯುತ್ತದೆ, ಸಾಲವನ್ನು ಕಳೆಯದೆ ಒಟ್ಟು ಆಸ್ತಿ ಎಷ್ಟು?

ಲೆಸ್ಟರ್_ದಿನಸಿ
ಎಲ್ಲರಂತೆ ಮಾರ್ಚ್ 31. ಆಸ್ತಿ ಹೋದ ವರ್ಷ 5.3 ಮಿಲಿಯನ್, ಈಗ 5.6ರ ಆಸುಪಾಸು, ಅದರಲ್ಲಿ ಹೆಚ್ಚಿನದು ಗೋದಾಮಿನ ಸರಕು. ಹೋದ ವರ್ಷದ ವಹಿವಾಟು 10.9.

ಮಲ್ಲಿಗೆ_ರೀಡಿಂಗ್
ತೊಡಕು ಇರುವುದು ಇಲ್ಲೇ. ಹೊಸ ಮಿತಿಗಳು 2025ರ ಏಪ್ರಿಲ್ 6ರಂದು ಅಥವಾ ಆಮೇಲೆ ಆರಂಭವಾಗುವ ವರ್ಷಗಳಿಗೆ ಮಾತ್ರ ಅನ್ವಯಿಸುತ್ತವೆ. ನಿಮ್ಮ ವರ್ಷ ಏಪ್ರಿಲ್ 1ರಂದೇ ಶುರುವಾಗಿದೆ. ಆ ಐದು ದಿನಗಳ ಅಂತರದಿಂದ ನಿಮಗೆ ಹಳೆಯ ಮಿತಿಗಳೇ ಉಳಿದಿವೆ: ವಹಿವಾಟು 10.2 ಮಿಲಿಯನ್, ಆಸ್ತಿ 5.1 ಮಿಲಿಯನ್, ಕೆಲಸಗಾರರು 50. ಮೂರರಲ್ಲಿ ಎರಡನ್ನು ಮೀರಬಾರದು. ಮೀರಿದ ಮೊದಲ ವರ್ಷ ಸಣ್ಣ ಕಂಪನಿಯೆಂಬ ಸ್ಥಾನ ಉಳಿಯುತ್ತದೆ, ಸತತ ಎರಡನೆಯ ವರ್ಷವೂ ಮೀರಿದರೆ ಹೋಗುತ್ತದೆ. ಹೋದ ವರ್ಷ ನೀವು ಪಾರಾದದ್ದು ಹೀಗೆ, ಈ ವರ್ಷ ಸಿಕ್ಕಿಕೊಂಡದ್ದೂ ಹೀಗೆ. ಹೋದ ವರ್ಷದ ಲೆಕ್ಕವನ್ನು ಏಪ್ರಿಲ್ 5ಕ್ಕೆ ಮುಗಿಸಿದ್ದರೆ (ಏಳು ದಿನಗಳವರೆಗೆ ಆಚೀಚೆ ಮಾಡಲು ಕಾನೂನಿನಲ್ಲಿ ಅವಕಾಶವಿದೆ) ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಆ ಲೆಕ್ಕ ಈಗಾಗಲೇ ಸಲ್ಲಿಕೆಯಾಗಿರಬೇಕು.

ಲೆಸ್ಟರ್_ದಿನಸಿ
ಡಿಸೆಂಬರಿನಲ್ಲೇ ಸಲ್ಲಿಸಿಯಾಗಿದೆ. ಹಾಗಾದರೆ ಈ ಒಂದು ವರ್ಷ ಆಡಿಟ್ ಮಾಡಿಸಿ ಮುಂದಿನ ವರ್ಷದಿಂದ ಬಿಟ್ಟುಬಿಡಬಹುದೇ?

ಮಲ್ಲಿಗೆ_ರೀಡಿಂಗ್
ಅಂಕಿಗಳು ಹೀಗೆಯೇ ಇದ್ದರೆ ಬಿಡಬಹುದು. ಹೊಸ ಮಿತಿಯನ್ನು ಅನ್ವಯಿಸುವಾಗ ಹಿಂದಿನ ವರ್ಷಗಳನ್ನೂ ಅದರಿಂದಲೇ ಅಳೆಯುತ್ತಾರೆ, ಎರಡು ವರ್ಷ ಕಾಯಬೇಕಿಲ್ಲ. ಆದರೂ ನಾನಾದರೆ ಬಿಡುವುದಿಲ್ಲ, ಅದಕ್ಕೆ ಕಾರಣ ನಿಮ್ಮ ಗೋದಾಮು. 2025ರ ಮಾರ್ಚ್ 31ರಂದು ಸರಕು ಎಣಿಸುವಾಗ ಯಾವ ಆಡಿಟರೂ ಅಲ್ಲಿರಲಿಲ್ಲ. ವರ್ಷದ ಲಾಭ ಆರಂಭದ ದಾಸ್ತಾನನ್ನು ಅವಲಂಬಿಸಿರುವುದರಿಂದ, ಬೇರೆ ದಾರಿಯಲ್ಲಿ ಅದನ್ನು ಖಚಿತಪಡಿಸಿಕೊಳ್ಳಲು ಆಗದಿದ್ದರೆ ಈ ಮೊದಲ ವರದಿಯಲ್ಲಿ ಆ ಮಟ್ಟಿಗೆ ಷರತ್ತು ಬರುತ್ತದೆ, ಅಂದರೆ ಅದನ್ನು ಖಚಿತಪಡಿಸಿಕೊಳ್ಳಲು ಆಗಲಿಲ್ಲವೆಂದು ಆಡಿಟರ್ ಬರೆಯುತ್ತಾರೆ. ಮುಂದಿನ ವರ್ಷ ಬಿಟ್ಟು ಮತ್ತೆಂದೋ ಬೇಕಾದಾಗ ಶುರುಮಾಡಿದರೆ ಅದೇ ಕೊರತೆ ಮರಳಿ ಬರುತ್ತದೆ. ಆಡಿಟರನ್ನು ಈಗಲೇ ನೇಮಿಸಿ, ಬರುವ ಮಾರ್ಚ್ 31ರಂದು ಅವರು ಗೋದಾಮಿನಲ್ಲಿರಲಿ. ಅವರು ಪಟ್ಟಿಯಿಂದ ಕೆಲವು ಸಾಲು ಆರಿಸಿ ಆ ಹುಣಸೆ ಚೀಲಗಳು ಎಲ್ಲಿವೆಯೆಂದು ಕೇಳುತ್ತಾರೆ, ಆಮೇಲೆ ನೆಲದ ಮೇಲಿನ ಚೀಲಗಳನ್ನು ಎಣಿಸಿ ಅವು ಪಟ್ಟಿಯಲ್ಲಿವೆಯೇ ಎಂದು ನೋಡುತ್ತಾರೆ. ಎರಡನೆಯದರಿಂದಲೇ ಬಿಟ್ಟುಹೋದ ಸರಕು ಸಿಗುವುದು.

ಕೋವೆಂಟ್ರಿ_ಲೇತ್
ನಾನು 14 ಮಂದಿಯ ವರ್ಕ್‌ಶಾಪ್ ಮಾರಲು ಹೊರಟಾಗ ಕೊಳ್ಳುವವರು ದಾಸ್ತಾನಿನ ಬೆಲೆಯನ್ನು ನಂಬಲಿಲ್ಲ. ಹಣದ ಒಂದು ಭಾಗವನ್ನು ವರ್ಷದ ಮಟ್ಟಿಗೆ ತಡೆಹಿಡಿದರು. ಕಾನೂನು ಕೇಳದಿದ್ದರೂ ಎರಡು ವರ್ಷ ಮೊದಲೇ ಆಡಿಟ್ ಮಾಡಿಸಿದ್ದರೆ ಆ ಮಾತೇ ಬರುತ್ತಿರಲಿಲ್ಲ ಎಂದು ಇಂದಿಗೂ ಅನ್ನಿಸುತ್ತದೆ.

ಸ್ಲೌ_ಲೆಕ್ಕಿಗ
ಮಾರುವ ಯೋಚನೆ ಇಲ್ಲದವರಿಗೆ ಅದು ದಂಡದ ಖರ್ಚು. ಇಬ್ಬರೇ ಮಾಲೀಕರು, ಯಾರಿಗೆ ತೋರಿಸಬೇಕು?

ಲೆಸ್ಟರ್_ದಿನಸಿ
ಇಬ್ಬರೇ ಅಲ್ಲ. ಲೆಸ್ಟರಿನ ಕಂಪನಿಯಲ್ಲಿ ಮೈಸೂರಿನಲ್ಲಿರುವ ನನ್ನ ಭಾವನ ಹೆಸರಿನಲ್ಲಿ ಶೇಕಡಾ 25 ಷೇರು ಇದೆ. ಅವರು ವ್ಯವಹಾರದಲ್ಲಿ ತಲೆಹಾಕುವುದಿಲ್ಲವಾದ್ದರಿಂದ ಬರೆದಿರಲಿಲ್ಲ.

ಮಲ್ಲಿಗೆ_ರೀಡಿಂಗ್
ಇದನ್ನು ಮೊದಲೇ ಹೇಳಬೇಕಿತ್ತು. ಶೇಕಡಾ 10 ಷೇರುಳ್ಳವರು, ವರ್ಷ ಶುರುವಾದ ಮೇಲೆ ಮತ್ತು ಮುಗಿಯಲು ಒಂದು ತಿಂಗಳು ಇರುವುದರೊಳಗೆ, ಕಂಪನಿಗೆ ಲಿಖಿತ ನೋಟಿಸ್ ಕೊಟ್ಟರೆ ವಿನಾಯಿತಿ ಇದ್ದರೂ ಆಡಿಟ್ ಮಾಡಿಸಲೇಬೇಕು. ದೂರದಲ್ಲಿದ್ದು ದುಡ್ಡು ಹಾಕಿದವರಿಗೆ ವರ್ಷಕ್ಕೊಮ್ಮೆ ಸಿಗುವ ಸ್ವತಂತ್ರ ವರದಿ ಅದೊಂದೇ. ಜೊತೆಗೆ ಬ್ಯಾಂಕಿನ ಸಾಲದ ಕರಾರನ್ನೂ ತೆಗೆದು ಓದಿ, ಆಡಿಟ್ ಆದ ಲೆಕ್ಕವನ್ನು ಅದರಲ್ಲಿ ಕೇಳಿದ್ದರೆ ಕಾನೂನಿನ ವಿನಾಯಿತಿಯಿಂದ ಪ್ರಯೋಜನವಿಲ್ಲ.

ಲೆಸ್ಟರ್_ದಿನಸಿ
ಈ ವರ್ಷದ ಮಟ್ಟಿಗೆ ಒಪ್ಪಿದೆ, ನಾಳೆಯೇ ಆಡಿಟರನ್ನು ಹುಡುಕುತ್ತೇನೆ. ಮುಂದಿನ ವರ್ಷದ ಶುಲ್ಕದ ವಿಷಯದಲ್ಲಿ ಪತ್ನಿ ಇನ್ನೂ ಒಪ್ಪಿಲ್ಲ. ಭಾವನಿಗೆ ಭಾನುವಾರ ಫೋನ್ ಮಾಡುತ್ತೇನೆ. ಕರಾರಿನ ಪ್ರತಿ ಎಲ್ಲಿದೆಯೋ ಹುಡುಕಬೇಕು.