‘ಗೊತ್ತಿದ್ದರೆ ಹೇಳ್ತಿದ್ದೆ’: ಈಗಲೋ, ಆಗಲೋ?

ಹುಬ್ಬಳ್ಳಿಯ ಸದಸ್ಯ: ಮೇಡಂ, ಕೇಂಬ್ರಿಡ್ಜ್‌ನ ಇಂಗ್ಲಿಷ್ ಪರೀಕ್ಷೆ ಸಿ1 ಅಡ್ವಾನ್ಸ್ಡ್‌ಗೆ ಓದ್ತಿದ್ದೀನಿ. ಕೊಟ್ಟ ವಾಕ್ಯ: ‘ಐ ಡಿಡ್ ನಾಟ್ ಟೇಕ್ ದಟ್ ಜಾಬ್, ಸೋ ಐ ಆಮ್ ಸ್ಟಿಲ್ ಅನ್‌ಎಂಪ್ಲಾಯ್ಡ್.’ ಕೊಟ್ಟ ಪದ ‘ಹ್ಯಾಡ್’. ಆ ಪದ ಬಳಸಿ, ಅದೇ ಅರ್ಥ ಬರುವ ಹಾಗೆ ತುಂಬಬೇಕಾದ್ದು: ‘ಐ ವುಡ್ ನಾಟ್ ______ ದಟ್ ಜಾಬ್.’ ನಾನು ‘ಹ್ಯಾವ್ ಬೀನ್ ಅನ್‌ಎಂಪ್ಲಾಯ್ಡ್ ಇಫ್ ಐ ಹ್ಯಾಡ್ ಟೇಕನ್’ ಅಂತ ಬರೆದೆ. ತಪ್ಪು ಅಂದರು. ಯಾಕೆ?

ಮೇಡಂ: ಮೊದಲು ಪದ ಎಣಿಸಿ. ಈ ಭಾಗದಲ್ಲಿ 3ರಿಂದ 6 ಪದ ಬರೆಯಬೇಕು, ಕೊಟ್ಟ ಪದವೂ ಅದರಲ್ಲೇ ಸೇರುತ್ತದೆ. ನಿಮ್ಮದು 7. ಅಲ್ಲಿಗೇ ಅನುಮಾನ ಬರಬೇಕಿತ್ತು.

ಆದರೆ ನನಗೆ ಯೋಚನೆ ಹಚ್ಚಿದ್ದು ಇನ್ನೊಂದು ತಪ್ಪು. ಅದು ನಮ್ಮ ಕನ್ನಡದಿಂದ ಬರುತ್ತದೆ. ‘ಗೊತ್ತಿದ್ದರೆ ಹೇಳ್ತಿದ್ದೆ’ ಅನ್ನಿ. ಈಗ ಗೊತ್ತಿಲ್ಲ ಅಂತಲೂ ಆಗುತ್ತದೆ, ಹೋದ ವಾರ ಗೊತ್ತಿರಲಿಲ್ಲ ಅಂತಲೂ ಆಗುತ್ತದೆ. ನಮಗೆ ಒಂದೇ ರೂಪ ಸಾಕು. ಇಂಗ್ಲಿಷ್‌ಗೆ ಸಾಲದು. ಅಲ್ಲಿ ಎರಡು ಬೇರೆ ವಾಕ್ಯ: ‘ಇಫ್ ಐ ನ್ಯೂ, ಐ ವುಡ್ ಟೆಲ್’, ‘ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಟೋಲ್ಡ್’.

ಹಾಗಾಗಿ ವಾಕ್ಯದ ಎರಡೂ ತುಂಡಿಗೆ ಬೇರೆಬೇರೆಯಾಗಿ ‘ಈಗ’ ಅಥವಾ ‘ಆಗ’ ಸೇರಿಸಿ ನೋಡಿ. ಕೆಲಸ ಒಪ್ಪಿಕೊಳ್ಳದೇ ಇದ್ದದ್ದು ಆಗ. ಅದಕ್ಕೆ ‘ಹ್ಯಾಡ್ ಟೇಕನ್’ ಸರಿ. ನಿರುದ್ಯೋಗ ಮಾತ್ರ ಈಗಿನದು, ‘ಸ್ಟಿಲ್’ ಅದನ್ನೇ ಹೇಳುತ್ತಿದೆ. ಅಲ್ಲಿ ‘ವುಡ್ ನಾಟ್ ಬಿ’ ಬೇಕು, ‘ವುಡ್ ನಾಟ್ ಹ್ಯಾವ್ ಬೀನ್’ ಅಲ್ಲ. ಈಗ ‘ಸ್ಟಿಲ್ ಬಿ ಅನ್‌ಎಂಪ್ಲಾಯ್ಡ್ ಇಫ್ ಐ ಹ್ಯಾಡ್ ಟೇಕನ್’ ಎಣಿಸಿ. ಇನ್ನೂ 7. ‘ಸ್ಟಿಲ್’ ಬಿಟ್ಟರೆ ಅರ್ಥ ಸೋರುತ್ತದೆ. ಆದ್ದರಿಂದ ‘ಇಫ್’ ತೆಗೆದು ‘ಹ್ಯಾಡ್’ ಮುಂದೆ ತರಬೇಕು: ‘ಸ್ಟಿಲ್ ಬಿ ಅನ್‌ಎಂಪ್ಲಾಯ್ಡ್ ಹ್ಯಾಡ್ ಐ ಟೇಕನ್’. ಸರಿಯಾಗಿ 6.

ತುಮಕೂರಿನ ಸದಸ್ಯ: ಹ್ಯಾಡ್ ಬಂದರೆ ಆ ಕಡೆ ವುಡ್ ಹ್ಯಾವ್ ಬರಲೇಬೇಕು. ಥರ್ಡ್ ಕಂಡೀಷನಲ್. ನಮ್ಮ ಕೋಚಿಂಗ್‌ನಲ್ಲಿ ಹಾಗೇ ಹೇಳಿದ್ದು.

ಮೇಡಂ: ಎರಡೂ ‘ಆಗ’ ಆಗಿದ್ದರೆ ನಿಮ್ಮ ಮಾತು ಸರಿ. ಇಲ್ಲಿ ಒಂದು ಆಗ, ಒಂದು ಈಗ. ಮೇಲಿನದು ಇನ್ನೊಮ್ಮೆ ಓದಿ.

ಮಂಗಳೂರಿನ ನರ್ಸ್: ಮೇಡಂ, ‘ಐ ವಿಶ್ ಐ ವುಡ್ ನೋ ಜರ್ಮನ್’ ಸರಿನಾ? ಪ್ರಬಂಧದಲ್ಲಿ ಬರೆದೆ.

ಮೇಡಂ: ತಪ್ಪು. ‘ಐ ವಿಶ್ ಐ ನ್ಯೂ ಜರ್ಮನ್.’ ವಿಶ್ ಆದಮೇಲೆ ವುಡ್ ಬರುವುದು ಬೇರೆಯವರು ಒಂದು ಕೆಲಸ ಮಾಡಲಿ, ಅಥವಾ ಬಿಡಲಿ ಅನ್ನುವಾಗ. ‘ಐ ವಿಶ್ ಹೀ ವುಡ್ ಸ್ಟಾಪ್ ಶೌಟಿಂಗ್.’ ಮಳೆ ನಿಲ್ಲಲಿ ಅನ್ನುವುದಕ್ಕೂ ನಡೆಯುತ್ತದೆ. ನಮ್ಮ ಬಗ್ಗೆ ನಾವೇ ಹಾಗೆ ಹೇಳುವುದಿಲ್ಲ. ಇನ್ನೊಂದು: ‘ನೀವು ಪಾಸಾಗಲಿ ಅಂತ ಹಾರೈಸುತ್ತೇನೆ’ ಅನ್ನುವುದನ್ನು ‘ಐ ವಿಶ್ ಯು ವಿಲ್ ಪಾಸ್’ ಅಂತ ಬರೆಯಬೇಡಿ. ಅಲ್ಲಿ ‘ಹೋಪ್’ ಬೇಕು.

ಬೆಳಗಾವಿಯ ಸದಸ್ಯ: *(ಫಾರ್ವರ್ಡ್)* ‘ಇಫ್ ಪಕ್ಕ ವುಡ್ ಎಂದೂ ಬರಲ್ಲ! 4 ಸೂತ್ರ, 5 ನಿಮಿಷದಲ್ಲಿ ಕಂಡೀಷನಲ್!’

ಮೇಡಂ: ದಯವಿಟ್ಟು ಇದನ್ನು ಹಂಚಬೇಡಿ. ‘ಇಫ್ ಯು ವುಡ್ ವೇಟ್ ಹಿಯರ್, ಐ ವಿಲ್ ಕಾಲ್ ದ ಡಾಕ್ಟರ್’ ಒಳ್ಳೆಯ, ಮರ್ಯಾದೆಯ ಇಂಗ್ಲಿಷ್. ಸೂತ್ರ ನಂಬಿದವರು ಸರಿಯಾದ ವಾಕ್ಯವನ್ನೇ ಹೊಡೆದು ಹಾಕುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಹಾಗೇ ಮಾಡಿದಳು, ನನಗೆ ತುಂಬಾ ಬೇಜಾರಾಯಿತು.

ತುಮಕೂರಿನ ಸದಸ್ಯ: ‘ಇಫ್ ಐ ವುಡ್ ಹ್ಯಾವ್ ನೋನ್’ ಅಂತ ಅಮೆರಿಕದವರೇ ಮಾತಾಡ್ತಾರಲ್ಲ?

ಮೇಡಂ: ಮಾತಾಡ್ತಾರೆ. ಪರೀಕ್ಷೆಯಲ್ಲಿ ಬರೆಯಬೇಡಿ.

ಮೈಸೂರಿನ ಸದಸ್ಯೆ: ‘ಇಫ್ ಐ ವಾಸ್’ ಅಂತ ಬರೆದರೆ ಅಂಕ ಹೋಗುತ್ತೆ. ‘ವರ್’ ಮಾತ್ರ ಸರಿ.

ತುಮಕೂರಿನ ಸದಸ್ಯ: ಯಾರು ಹೇಳಿದ್ದು? ಎಲ್ಲರೂ ‘ವಾಸ್’ ಅಂತಾರೆ.

ಮೈಸೂರಿನ ಸದಸ್ಯೆ: ಎಲ್ಲರೂ ಅಂದ ಮಾತ್ರಕ್ಕೆ ಸರಿ ಆಗಲ್ಲ ಸರ್. 20 ವರ್ಷ ಪಾಠ ಮಾಡಿದ್ದೀನಿ.

ತುಮಕೂರಿನ ಸದಸ್ಯ: ಅಷ್ಟು ವರ್ಷ ತಪ್ಪೇ ಹೇಳಿಕೊಟ್ಟಿರಬಹುದು.

ಮೇಡಂ: ಸಾಕು. ಮಾತಿನಲ್ಲಿ ಎರಡೂ ನಡೆಯುತ್ತದೆ. ಔಪಚಾರಿಕ ಬರಹದಲ್ಲಿ ‘ವರ್’ ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ.

ದಾವಣಗೆರೆಯ ಸದಸ್ಯೆ: ಐಇಎಲ್‌ಟಿಎಸ್ ಬ್ಯಾಂಡ್ 7ಕ್ಕೆ ಪ್ರಬಂಧದಲ್ಲಿ ಎಷ್ಟು ಕಂಡೀಷನಲ್ ಹಾಕಬೇಕು?

ಮೇಡಂ: ಅಂಥ ಲೆಕ್ಕ ಇಲ್ಲ. ವ್ಯಾಕರಣ ನಾಲ್ಕು ಮಾನದಂಡಗಳಲ್ಲಿ ಒಂದು, ಅಷ್ಟೇ. ತುರುಕಿದ ವಾಕ್ಯ ತಪ್ಪಾದರೆ ನಷ್ಟವೇ.

ಬೆಳಗಾವಿಯ ಸದಸ್ಯ: ಕಂಡೀಷನಲ್ ನಾಲ್ಕೇ ಅಲ್ವಾ ಹಾಗಾದರೆ?

ಮೇಡಂ: ಅಲ್ಲ. ಒಂದು ಆಗ, ಒಂದು ಈಗ ಬೆರೆತ ವಾಕ್ಯದ ಬಗ್ಗೆ ಮೇಲೆ ಬರೆದಿದ್ದೇನೆ. ಓದಿ.

ಹುಬ್ಬಳ್ಳಿಯ ಸದಸ್ಯ: ಮೇಡಂ, ಸ್ವಂತವಾಗಿ ಒಂದು ಬರೆದೆ: ‘ಹ್ಯಾಡಂಟ್ ಐ ಮಿಸ್ಡ್ ದ ಬಸ್, ಐ ವುಡ್ ಬಿ ಅಟ್ ಹೋಮ್ ನೌ.’

ಮೇಡಂ: ‘ವುಡ್ ಬಿ’, ‘ನೌ’ ಸರಿಯಾಗಿ ಹಿಡಿದಿದ್ದೀರಿ. ಆದರೆ ‘ಹ್ಯಾಡ್’ ಮುಂದೆ ತಂದಾಗ ‘ನಾಟ್’ ಅದಕ್ಕೆ ಅಂಟುವುದಿಲ್ಲ. ‘ಹ್ಯಾಡ್ ಐ ನಾಟ್ ಮಿಸ್ಡ್ ದ ಬಸ್.’ ಇನ್ನೊಂದು ಬರೆದು ಕಳಿಸಿ.